1,300 ಟ್ರಿಪ್ ಫೋಟೋಗಳಲ್ಲಿ 42 ಉಳಿಸಿದ್ದು ಹೀಗೆ

ಟ್ರಿಪ್ ಮುಗಿಸಿ ಬಂದಾಗ ಕ್ಯಾಮೆರಾ, ಫೋನು ಎಲ್ಲಾ ಸೇರಿ ಹತ್ತತ್ರ 1,300 ಫೋಟೋ ಇತ್ತು. ಉಳಿಸ್ಕೊಂಡಿದ್ದು 42. ಅಷ್ಟೊಂದು ತೆಗೆದ್ರೆ ಆಮೇಲೆ ಹೊಟ್ಟೆ ಉರ್ಕೋತೀಯ ಅಂತ ಜೊತೆಗಿದ್ದೋರೆಲ್ಲ ಹೇಳಿದ್ರು, ಅದೇ ಜನ ಮೊನ್ನೆ 42ನ್ನೂ ನೋಡಿ ಇನ್ನೊಂದ್ಸಲ ಹಾಕು ಅಂದ್ರು, ಅದಕ್ಕೇ ಬರೀತಿದೀನಿ.

ಹಿಂದೆಲ್ಲಾ ನಾನು ಕೆಟ್ಟದ್ದನ್ನ ಹುಡುಕಿ ಡಿಲೀಟ್ ಮಾಡ್ತಿದ್ದೆ. ಬ್ಲರ್ ಆಗಿದ್ದು, ಕಣ್ಣು ಮುಚ್ಚಿದ್ದು ಹೋಗುತ್ತೆ, ಆದ್ರೆ ತಪ್ಪೂ ಇಲ್ಲ ವಿಶೇಷಾನೂ ಇಲ್ಲ ಅನ್ನೋವು ನೂರಾರು ಹಾಗೇ ಉಳ್ಕೊಳ್ಳುತ್ತೆ. ಜಾಗ ಸಾಲದೆ ಎರಡು ಹಾರ್ಡ್ ಡಿಸ್ಕ್ ತಗೊಂಡೆ, ಕ್ಲೌಡ್‌ಗೆ ತಿಂಗಳು ತಿಂಗಳು ದುಡ್ಡು ಕಟ್ಟಿದೆ. ಒಂದ್ಸಲ ಆರಿಸದೇನೇ 200 ಚಿಲ್ರೆ ಪ್ರಿಂಟ್ ಹಾಕಿಸಿದೆ, ಅದು ಇವತ್ತಿಗೂ ಕವರ್‌ನಿಂದ ಆಚೆ ಬಂದಿಲ್ಲ.

ಈ ಸಲ ಉಲ್ಟಾ ಮಾಡಿದೆ. Lightroom Classic ಅನ್ನೋ ಫೋಟೋ ಸಾಫ್ಟ್‌ವೇರಲ್ಲಿ Caps Lock ಹಾಕ್ಕೊಂಡು, ಮನಸ್ಸಿಗೆ ಹಿಡಿಸಿದ್ದಕ್ಕೆ ಮಾತ್ರ `P` ಒತ್ತಿ ಗುರುತು ಹಾಕೋದು, ಅದು ತಾನಾಗೇ ಮುಂದಿನದಕ್ಕೆ ಹೋಗುತ್ತೆ, ಉಳಿದಿದ್ದನ್ನ ಮುಟ್ಟೋದೇ ಇಲ್ಲ, ಬಾಣದ ಕೀ ಒತ್ತಿ ಮುಂದೆ ಹೋಗೋದು. ಜೂಮ್ ಮಾಡಬಾರ್ದು. ಜೂಮ್ ಮಾಡಿದ್ರೆ ಶಾರ್ಪ್ ಇರೋದೇ ಒಳ್ಳೇದು ಅನ್ಸೋಕೆ ಶುರುವಾಗುತ್ತೆ. ಒಂದು ಗಂಟೆ ಚಿಲ್ರೆಗೆ 280ಕ್ಕೆ ಬಂತು.

ಇಲ್ಲೊಂದು ಎಡವಟ್ಟಾಗಿತ್ತು. ಕ್ಯಾಮೆರಾ ಗಡಿಯಾರ ಫೋನಿಗಿಂತ 47 ನಿಮಿಷ ಮುಂದಿತ್ತು, ಒಂದೇ ಅಲೆಯ ಫೋಟೋಗಳು ಎರಡು ಕಡೆ ಚೆದುರಿ ಹೋಗಿ ಒಂದೇ ಕ್ಷಣಾನ ಎರಡೆರಡು ಸಲ ಆರಿಸಿದ್ದೆ. ಇಂಪೋರ್ಟ್‌ಗೆ ಮುಂಚೇನೇ ಕ್ಯಾಮೆರಾ ಫೋಲ್ಡರ್ ಮೇಲೆ ಟೈಮನ್ನ 47 ನಿಮಿಷ ಹಿಂದಕ್ಕೆ ತಳ್ಳೋ ಈ ಕಮಾಂಡ್ ಓಡಿಸ್ಬೇಕಿತ್ತು, ಎಲ್ಲಾ ತೆಗೆದು ಮತ್ತೆ ಮೊದಲಿಂದ ಮಾಡಿದೆ:

```
exiftool "-AllDates-=0:47" camera/
```

ಎರಡನೇ ರೌಂಡ್‌ನಲ್ಲಿ ಒಂದೇ ಥರದವನ್ನೆಲ್ಲ ಸೆಲೆಕ್ಟ್ ಮಾಡಿ `N` ಒತ್ತಿ ಪಕ್ಕಪಕ್ಕ ಇಟ್ಟು, ಒಂದೊಂದನ್ನೇ ತೆಗೀತಾ ಬರೋದು. ಮಗಳು ಅಲೆ ಮೇಲೆ ಹಾರ್ತಿರೋದು 23 ಇತ್ತು. ಅತಿ ಶಾರ್ಪ್ ಇದ್ದಿದ್ದನ್ನೇ ಇಡೋಣ ಅಂದ್ಕೊಂಡಿದ್ದೆ, ಆದ್ರೆ ಚಿಕ್ಕದಾಗಿ ನೋಡಿದಾಗ ಅದ್ರಲ್ಲಿ ಕಾಲು ನೀರಲ್ಲೇ ಇತ್ತು, ಸುಮ್ನೆ ನಿಂತಂಗೆ ಕಾಣ್ತಿತ್ತು. ಸ್ವಲ್ಪ ಸಾಫ್ಟ್ ಆಗಿದ್ದ ಇನ್ನೊಂದ್ರಲ್ಲಿ ಪಾದ ಗಾಳೀಲಿ, ಅವರಮ್ಮನ ಕೈ ಆಗಷ್ಟೇ ಬಿಟ್ಟಿದ್ದು ಅಂಚಲ್ಲಿ ಕಾಣುತ್ತೆ. ಅದೇ ಉಳೀತು.

280 ಹೀಗೆ 90 ಆಯ್ತು. ಒಂದು ವಾರ ಮುಟ್ಟದೆ ಬಿಟ್ಟು, ಬೆಂಕಿಪೊಟ್ಟಣದಷ್ಟು ಚಿಕ್ಕ ಪ್ರಿಂಟ್ ತೆಗೆದು ನೆಲದ ಮೇಲೆ ಹರಡಿದೆ. ಸ್ಕ್ರೀನ್ ಮೇಲೆ ಗೊತ್ತಾಗದ ಸೂರ್ಯಾಸ್ತದ ಕಾಟ ಅಲ್ಲಿ ಗೊತ್ತಾಯ್ತು, ಒಂಬತ್ತಿತ್ತು, ಒಂದಿಟ್ಟೆ. ಹೀಗೆ ಕೊನೆಗೆ ಉಳಿದ 42ನ್ನ ಯಾವ ಕ್ರಮದಲ್ಲಿ ಜೋಡಿಸ್ದೆ ಅನ್ನೋದು ಸದ್ಯಕ್ಕೆ ನನ್ನ ಹತ್ರಾನೇ ಇರಲಿ.

ಉಳಿದಿದ್ದನ್ನ ಡಿಲೀಟ್ ಮಾಡಿಲ್ಲ, ಹಳೇ ಡಿಸ್ಕಲ್ಲಿದೆ. ನಾಲ್ಕು ತಿಂಗಳಲ್ಲಿ ಅದನ್ನ ತೆರೆದಿದ್ದು ಒಂದೇ ಸಲ, ಯಾರಿಗೋ ಪಾಸ್‌ಪೋರ್ಟ್ ಪುಟದ ಫೋಟೋ ಬೇಕಾಗಿತ್ತು.