3.30 ರೂಪಾಯಿ 3.30ಕ್ಕೆ ತಾಳೆಯಾಗದಿದ್ದಾಗ

ಹಾರ್ಡ್‌ವೇರ್ ಅಂಗಡಿಯೊಂದಕ್ಕೆ ನಾನು ಪೈಥಾನ್‌ನಲ್ಲಿ ಬಿಲ್ಲಿಂಗ್ ತಂತ್ರಾಂಶ ಬರೆದುಕೊಟ್ಟಿದ್ದೆ. ದಿನದ ಕೊನೆಗೆ ಪ್ರತಿ ಬಿಲ್ಲಿನ ಬಿಡಿ ಸಾಲುಗಳನ್ನು ಮತ್ತೆ ಕೂಡಿ, ಒಟ್ಟು ಮೊತ್ತದೊಂದಿಗೆ ತಾಳೆ ನೋಡುವ ಭಾಗವೂ ಅದರಲ್ಲಿತ್ತು. ಹಲವು ತಿಂಗಳು ಸರಿಯಾಗಿ ನಡೆದ ಆ ಭಾಗ, ಬೋಲ್ಟಿಗೆ 1.10 ಮತ್ತು ನಟ್ಟಿಗೆ 2.20 ರೂಪಾಯಿ ಎಂದು ಹೊಸ ದರ ಹಾಕಿದ ದಿನ ಒಂದು ಬಿಲ್ಲನ್ನು ತಪ್ಪೆಂದು ತೋರಿಸಿತು. ತೆರೆಯ ಮೇಲೆ ಎರಡೂ ಕಡೆ 3.30 ಎಂದೇ ಇತ್ತು. ಅಂಗಡಿಯ ಯಜಮಾನರು "ಎರಡೂ ಒಂದೇ ಇದೆಯಲ್ಲ, ಸಾರ್, ತಪ್ಪು ಎಲ್ಲಿದೆ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ತೆರೆಗೆ ಕಳುಹಿಸುವಾಗ ಎರಡು ದಶಮಾಂಶಕ್ಕೆ ಕತ್ತರಿಸುತ್ತಿದ್ದುದನ್ನು ತೆಗೆದು, ಪೂರ್ತಿ ಸಂಖ್ಯೆಯನ್ನು ನೋಡಿದಾಗ ವ್ಯತ್ಯಾಸ ಹೊರಬಿತ್ತು.

```python
>>> 1.10 + 2.20
3.3000000000000003
>>> 1.10 + 2.20 == 3.30
False
```

ಕೂಡುವಾಗ ದೋಷ ಹುಟ್ಟಿದೆ ಎಂದು ನಾನು ಮೊದಲು ಭಾವಿಸಿದೆ, ಆದರೆ ಈ ಉದಾಹರಣೆಯಲ್ಲಿ ಕೂಡಿಕೆ ಸಂಪೂರ್ಣ ಸರಿಯಾಗಿಯೇ ಇದೆ. ಫ್ಲೋಟ್ ಸಂಖ್ಯೆಯನ್ನು ಕಂಪ್ಯೂಟರ್ ಛೇದವು 2ರ ಘಾತವಾಗಿರುವ ಭಿನ್ನರಾಶಿಯಾಗಿ ಇಟ್ಟುಕೊಳ್ಳುತ್ತದೆ, ಅದಕ್ಕೆ 53 ಬಿಟ್‌ಗಳಷ್ಟೇ ಜಾಗವಿದೆ. ಹತ್ತನೆಯ ಒಂದು ಭಾಗವನ್ನು ಹೀಗೆ ಬರೆಯಲು ಸಾಧ್ಯವಿಲ್ಲದ ಕಾರಣ ಹತ್ತಿರದ ಸಂಖ್ಯೆಯೊಂದನ್ನು ಇಟ್ಟುಕೊಳ್ಳಲಾಗುತ್ತದೆ. 1.10 ಮತ್ತು 2.20 ಎರಡೂ ನಿಜಬೆಲೆಗಿಂತ ಕೂದಲೆಳೆಯಷ್ಟು ಹೆಚ್ಚಾಗಿ ಉಳಿಯುತ್ತವೆ, 3.30 ಮಾತ್ರ ಕೂದಲೆಳೆಯಷ್ಟು ಕಡಿಮೆಯಾಗಿ ಉಳಿಯುತ್ತದೆ. ಹೀಗಾಗಿ ಕೂಡಿದ ಫಲವೂ ನಾವು ಬರೆದ 3.30ರ ಪ್ರತಿರೂಪವೂ ಅಕ್ಕಪಕ್ಕದ ಎರಡು ಬೇರೆ ಸಂಖ್ಯೆಗಳಾಗಿಬಿಡುತ್ತವೆ.

ಅಷ್ಟು ತಿಂಗಳು ತೊಂದರೆ ಕಾಣದಿದ್ದುದಕ್ಕೂ ಕಾರಣ ಇದರಲ್ಲೇ ಸಿಕ್ಕಿತು. ಪೈಸೆಯ ನೂರು ಅಂಕಗಳಲ್ಲಿ 00, 25, 50 ಮತ್ತು 75 ಈ ನಾಲ್ಕು ಮಾತ್ರ ಫ್ಲೋಟ್‌ನಲ್ಲಿ ಕರಾರುವಾಕ್ಕಾಗಿ ಕೂರುತ್ತವೆ. ಆ ಅಂಗಡಿಯ ಹಳೆಯ ದರಗಳೆಲ್ಲ ಪೂರ್ಣ ಅಥವಾ ಅರ್ಧ ರೂಪಾಯಿಯಲ್ಲಿದ್ದುದರಿಂದ ದೋಷ ಅಡಗಿಕೊಂಡಿತ್ತು.

ನಾನು ಮಾಡಿದ ಮೊದಲ ದುರಸ್ತಿ ಸಾಲದಾಯಿತು. ವ್ಯತ್ಯಾಸ ಅರ್ಧ ಪೈಸೆಗಿಂತ ಕಡಿಮೆಯಿದ್ದರೆ ಎರಡೂ ಸಮವೆಂದು ಭಾವಿಸುವಂತೆ ತಾಳೆಯ ಸಾಲನ್ನು ಬದಲಿಸಿದೆ. ತಪ್ಪು ಸೂಚನೆ ನಿಂತಿತು. ಆದರೆ ಪಾವತಿ ವ್ಯವಸ್ಥೆಗೆ ಮೊತ್ತವನ್ನು ಪೈಸೆಯ ಪೂರ್ಣಾಂಕವಾಗಿ ಕಳುಹಿಸಬೇಕಿದ್ದ ಕಡೆ ನಾನು ನೂರರಿಂದ ಗುಣಿಸಿ `int` ಹಾಕಿದ್ದೆ, ಅಲ್ಲಿ 19.99 ರೂಪಾಯಿಯ ಬಿಲ್ಲಿಗೆ 1998 ಪೈಸೆ ಹೋಗಿತ್ತು. ಗುಣಲಬ್ಧ 1998.9999999999998 ಆಗಿ, `int` ಅದರ ದಶಮಾಂಶ ಭಾಗವನ್ನು ಕಿತ್ತೆಸೆದಿತ್ತು. ಕಣ್ಣಿಗೆ ಬೀಳದಷ್ಟು ಸಣ್ಣ ದೋಷ ಹೀಗೆ ಇಡೀ ಒಂದು ಪೈಸೆಯಾಗಿ ಬೆಳೆಯಿತು.

ಆಗ ಹಣವನ್ನು ಎಲ್ಲೆಡೆ ಪೈಸೆಯ ಪೂರ್ಣಾಂಕವಾಗಿಯೇ ಇಡಲು ನಿರ್ಧರಿಸಿದೆ. ದತ್ತಸಂಚಯದ ಕಾಲಂ ಅನ್ನು `DOUBLE`ನಿಂದ `BIGINT`ಗೆ ಬದಲಿಸಿದೆ. ಹಳೆಯ ದಾಖಲೆಗಳನ್ನು ನೂರರಿಂದ ಗುಣಿಸಿದ ಮೇಲೆ `int` ಬಳಸದೆ, `round` ಮೂಲಕ ಹತ್ತಿರದ ಪೂರ್ಣಾಂಕಕ್ಕೆ ತಂದೆ. ಹೊಸದಾಗಿ ಟೈಪ್ ಮಾಡುವ ದರವನ್ನು ಅಕ್ಷರಗಳ ರೂಪದಿಂದ ನೇರವಾಗಿ ಪೈಸೆಗೆ ಪರಿವರ್ತಿಸುತ್ತೇನೆ.

```python
from decimal import Decimal
paise = int(Decimal("19.99") * 100)   # 1999
tax = (paise * 18 + 50) // 100
```

ಇಲ್ಲಿ ಉದ್ಧರಣ ಚಿಹ್ನೆಗಳು ಮುಖ್ಯ. `Decimal(19.99)` ಎಂದು ಬರೆದರೆ ಆ ಸಂಖ್ಯೆ ಮೊದಲು ಫ್ಲೋಟ್ ಆಗಿ, ಅದರ ದೋಷ ಪೂರ್ತಿಯಾಗಿ `Decimal` ಒಳಗೆ ಸೇರಿಕೊಳ್ಳುತ್ತದೆ. ನಾನೇ ಒಂದು ಕಡೆ ಹಾಗೆ ಬರೆದು, ಅರ್ಧ ದಿನ ಹುಡುಕಿದ್ದೇನೆ.

ಪೂರ್ಣಾಂಕಕ್ಕೆ ಬಂದ ಮೇಲೂ ಒಂದು ಪೈಸೆಯ ವ್ಯತ್ಯಾಸ ಉಳಿದ ಜಾಗವೊಂದಿತ್ತು, ಅದಕ್ಕೆ ಫ್ಲೋಟ್ ಕಾರಣವಲ್ಲ. ಶೇ. 18ರ ತೆರಿಗೆಯನ್ನು 110 ಪೈಸೆಯ ಮೂರು ಸಾಲುಗಳಿಗೆ ಬೇರೆಬೇರೆಯಾಗಿ ಹಾಕಿದರೆ ಪ್ರತಿ ಸಾಲಿನ 19.8 ಪೈಸೆ 20 ಆಗಿ, ಒಟ್ಟು 60 ಪೈಸೆಯಾಗುತ್ತದೆ. ಮೂರನ್ನೂ ಕೂಡಿ 330 ಪೈಸೆಗೆ ಒಮ್ಮೆಲೇ ಹಾಕಿದರೆ 59.4 ಬಂದು, 59ಕ್ಕೆ ಇಳಿಯುತ್ತದೆ. ಯಾವುದನ್ನು ಅನುಸರಿಸಬೇಕೆಂಬುದು ಲೆಕ್ಕಪತ್ರದ ನಿರ್ಧಾರವಾದ್ದರಿಂದ ಅದನ್ನು ಯಜಮಾನರ ಲೆಕ್ಕಿಗರ ಮುಂದಿಟ್ಟೆ. ಅವರು ಸಾಲುವಾರು ಹಾಕಲು ಹೇಳಿದರು. ಈಗ ತೆರಿಗೆ ಲೆಕ್ಕಹಾಕುವ ಫಂಕ್ಷನ್ ಒಂದೇ ಇದ್ದು, ಬಿಲ್ಲು ಮತ್ತು ತಾಳೆ ಎರಡೂ ಅದನ್ನೇ ಕರೆಯುತ್ತವೆ. ಅರ್ಧ ಪೈಸೆಯ ವಿನಾಯಿತಿಯನ್ನು ತೆಗೆದುಹಾಕಿ, ನೇರ `==` ಹೋಲಿಕೆಗೆ ಮರಳಿದ್ದೇನೆ.