‘ನಾನು’ ತೆಗೆದು ‘ಅವಳು’ ಹಾಕಿದ ಮೇಲೆ ಹಾಡು ಮುಗಿಯಿತು

ಈ ಹಾಡು ನನ್ನ ಹತ್ತಿರ ಸುಮಾರು ಎರಡು ವರ್ಷ ಅರ್ಧಕ್ಕೇ ನಿಂತಿತ್ತು. ಬರೆದಾಗಿತ್ತು, ರಾಗ ಕೂತಿತ್ತು, ಟ್ರ್ಯಾಕ್ ಕೂಡ ರೆಡಿ ಇತ್ತು. ಹಾಡೋಕೆ ಮಾತ್ರ ಆಗುತ್ತಿರಲಿಲ್ಲ. ‘ನಾನು’ ತೆಗೆದು ‘ಅವಳು’ ಅನ್ನುವ ಪ್ರಥಮ ಪುರುಷಕ್ಕೆ ಬದಲಾಯಿಸುತ್ತೇನೆ ಅಂದಾಗ ರಾಗ ಹಾಕಿದವರು ಬೇಡ ಅಂದರು, ಸ್ನೇಹಿತರೂ ಬೇಡ ಅಂದರು. ಈಗ ಹಾಡು ಹೊರಗೆ ಬಂದಿದೆ, ಚೆನ್ನಾಗಿಯೇ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಅಣ್ಣನಿಗೂ ನನಗೂ ಜಗಳ ಆಗಿತ್ತು. ಒಂದು ರಾತ್ರಿ ಅವನು ಫೋನ್ ಮಾಡಿದ, ನಾನು ಎತ್ತಲಿಲ್ಲ. ಬೆಳಗಾಗುವಷ್ಟರಲ್ಲಿ ಅವನು ಇರಲಿಲ್ಲ. ಒಂದು ತಿಂಗಳಾದ ಮೇಲೆ ಬರೆದ ಸಾಲುಗಳು ಇವು:

ಕರೆಯು ಬಂತು ನಾನು ನೋಡಿ
ಫೋನು ಮಗುಚಿ ಮಲಗಿಬಿಟ್ಟೆ
ಅಣ್ಣ ನಿನ್ನ ಹೆಸರು ಉರಿದು
ಆರಿತೆಂದು ಸುಮ್ಮನಾದೆ

ಮೂರು ಮಾತ್ರೆಯ ನಡೆ, ಸಾಲಿಗೆ ಹನ್ನೆರಡು. ಎಣಿಸಿ ನೋಡಿ, ಒಂದು ಮಾತ್ರೆಯೂ ಹೆಚ್ಚುಕಡಿಮೆ ಇಲ್ಲ. ‘ಬಿಟ್ಟೆ’, ‘ನಾದೆ’ ಅಂತ ಕೊನೆಯೂ ಸರಿಯಾಗಿ ಕೂರುತ್ತದೆ. ಈ ನಾಲ್ಕು ಸಾಲಿನ ಬಗ್ಗೆ ನನಗೆ ಆಗಲೂ ಹೆಮ್ಮೆ ಇತ್ತು, ಈಗಲೂ ಇದೆ.

ಮೊದಲ ಸಲ ಸ್ಟುಡಿಯೋಗೆ ಹೋದಾಗ ಮೂರು ಗಂಟೆ ತೆಗೆದುಕೊಂಡಿದ್ದೆ. ಹದಿನಾಲ್ಕೋ ಹದಿನೈದೋ ಟೇಕ್ ಆಗಿರಬೇಕು. ಎಲ್ಲದರಲ್ಲೂ ಗಂಟಲು ಕಟ್ಟಿದ್ದು ಮೂರನೇ ಸಾಲಿನಲ್ಲೇ. ಅಳು ಬಂದು ನಿಂತರೂ ಪರವಾಗಿಲ್ಲ, ಅದಕ್ಕಿಂತ ಕೆಟ್ಟದ್ದು ಅಳು ಬರಬಾರದು ಅಂತ ಬಿಗಿ ಹಿಡಿದು ಹಾಡಿದ ಟೇಕ್‌ಗಳು. ಅವುಗಳಲ್ಲಿ ಶ್ರುತಿ ಮೇಲಕ್ಕೆ ಜಾರಿದೆ, ಉಸಿರು ಅರ್ಧಕ್ಕೇ ಮುಗಿದಿದೆ. ಕೇಳಿದರೆ ಸಿಟ್ಟಿನ ಹಾಡು ಅನ್ನಿಸುತ್ತದೆ. ಎರಡನೇ ಸಲವೂ ಹೀಗೇ ಆಯಿತು. ಮೂರನೇ ಸಲ ಕೊಳಲಿನವರನ್ನೂ ಕರೆಸಿದ್ದೆ, ಅವರಿಗೆ ಕೊಟ್ಟ ಮುಂಗಡವೂ ಹೋಯಿತು. ಹೆಚ್ಚುಕಡಿಮೆ ಒಂಬತ್ತು ಗಂಟೆಯ ಬಾಡಿಗೆ, ಮುಂಗಡ, ಓಡಾಟ ಎಲ್ಲ ಸೇರಿ ಎರಡು ತಿಂಗಳ ನನ್ನ ಸಂಪಾದನೆ ಖರ್ಚಾಗಿ, ಕೈಯಲ್ಲಿ ಉಳಿದದ್ದು ಒಂದೂ ಬಳಸಲಾಗದ ನಲವತ್ತು ಟೇಕ್. ಆ ಖರ್ಚು ಮನೆಯಲ್ಲಿ ಹೇಳಿಕೊಳ್ಳಲು ಕಷ್ಟವಾಯಿತು.

ಆಗ ಪುರುಷ ಬದಲಾಯಿಸುವ ಯೋಚನೆ ಬಂತು. ರಾಗ ಹಾಕಿದವರು ಕೇಳಿದ ತಕ್ಷಣ, "ಬೇಡ ಕಣಮ್ಮಾ, ‘ಅವಳು’ ಅಂದರೆ ಸುದ್ದಿ ಓದಿದ ಹಾಗಾಗುತ್ತೆ" ಅಂದರು. ನಿಜ ಹೇಳಬೇಕೆಂದರೆ ಮೊದಲ ಪ್ರಯತ್ನದಲ್ಲಿ ಅವರ ಮಾತೇ ಸರಿಯಾಯಿತು.

ಯಾಕೆಂದರೆ ನಾನು ಎಲ್ಲರೂ ಮಾಡುವ ಹಾಗೆ ‘ನಾನು’ ಇದ್ದಲ್ಲಿ ‘ಅವಳು’ ಹಾಕುತ್ತಾ ಹೋದೆ. ಸರ್ವನಾಮ ಏನೂ ತೊಂದರೆ ಕೊಡುವುದಿಲ್ಲ. ‘ನಾನು’ ಮೂರು ಮಾತ್ರೆ, ‘ಅವಳು’ ಮೂರು ಮಾತ್ರೆ. ‘ನನ್ನ’, ‘ಅವಳ’ ಕೂಡ ಅಷ್ಟೇ. ತೊಂದರೆ ಬರುವುದು ಕ್ರಿಯಾಪದದಲ್ಲಿ. ‘ಮಲಗಿಬಿಟ್ಟೆ’ ಆರು ಮಾತ್ರೆ, ‘ಮಲಗಿಬಿಟ್ಟಳು’ ಏಳು. ತಾಳದ ಆಚೆಗೆ ಒಂದು ‘ಳು’ ನೇತಾಡುತ್ತದೆ. ‘ಸುಮ್ಮನಾದಳು’ ಅಂದಾಗಲೂ ಅದೇ ಪಾಡು. ಅದನ್ನು ಒಳಗೆ ತುರುಕಲು ಅವಸರ ಮಾಡಿದರೆ ಹಾಡು ನಿಜಕ್ಕೂ ವರದಿಯಂತೆ ಕೇಳಿಸುತ್ತದೆ.

ಮಾತ್ರೆ ಉಳಿಸಲು ‘ಅವನು’ ಮಾಡಿ ನೋಡಿದೆ. ‘ಮಲಗಿಬಿಟ್ಟ’, ‘ಸುಮ್ಮನಾದ’, ಅಳತೆ ಸರಿಯಾಗಿ ಕೂತಿತು. ಒಂದು ವಾರ ಹಾಗೇ ಹಾಡಿಕೊಂಡೆ. ಗಂಟಲು ಎಲ್ಲೂ ಕಟ್ಟಲಿಲ್ಲ, ಆದರೆ ಹಾಡಿನಲ್ಲಿ ನನಗೆ ಏನೂ ಉಳಿದಿರಲಿಲ್ಲ. ಯಾರೋ ಹುಡುಗ, ಯಾರೋ ಅಣ್ಣ. ದೂರ ಬೇಕಿತ್ತು ನಿಜ, ಇಷ್ಟು ದೂರ ಬೇಕಿರಲಿಲ್ಲ. ಕನ್ನಡದಲ್ಲಿ ‘ಬಿಟ್ಟೆ’ ಅಂದರೆ ಹಾಡುವವರು ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲ. ಪುರುಷ ಬದಲಾಯಿಸಿದ ಕ್ಷಣ ಲಿಂಗ ಹೇಳಲೇಬೇಕಾಗುತ್ತದೆ. ಅಲ್ಲಿ ಅಳತೆಗೋಸ್ಕರ ಸುಳ್ಳು ಹೇಳಿದರೆ ಹಾಡಿನ ಜೀವ ಹೋಗುತ್ತದೆ.

ಸರಿ, ಮತ್ತೆ ‘ಅವಳು’. ಈ ಸಲ ನಲವತ್ತು ಟೇಕ್‌ಗಳನ್ನೂ ಹಾಕಿಕೊಂಡು, ಪ್ರತಿಯೊಂದರಲ್ಲೂ ದನಿ ಎಲ್ಲಿ ಒಡೆಯಿತೋ ಅಲ್ಲಿ ಪೆನ್ಸಿಲ್‌ನಲ್ಲಿ ಗೀಟು ಹಾಕುತ್ತಾ ಕೂತೆ. ‘ನಾನು’ ಪದದ ಕೆಳಗೆ ಒಂದೂ ಗೀಟು ಇಲ್ಲ! ಮುಕ್ಕಾಲು ಪಾಲು ಬಿದ್ದದ್ದು ‘ಅಣ್ಣ ನಿನ್ನ’ ಎಂಬಲ್ಲಿ, ಉಳಿದವು ‘ಬಿಟ್ಟೆ’ಯ ಕೆಳಗೆ. ಅಂದರೆ ಎರಡು ವರ್ಷ ನನ್ನನ್ನು ಕಟ್ಟಿಹಾಕಿದ್ದು ‘ನೀನು’. ಇಲ್ಲದವನನ್ನು ಎದುರಿಗೆ ನಿಲ್ಲಿಸಿಕೊಂಡು ಕರೆಯುತ್ತಿದ್ದೆ. ನಾನು ‘ಅವಳು’ ಆದರೂ ಅವನು ‘ನೀನು’ ಆಗಿಯೇ ಇದ್ದರೆ ಗಂಟಲು ಬಿಡುವುದಿಲ್ಲ. ಪುರುಷ ಬದಲಾಯಿಸುವವರು ಮೊದಲು ಹುಡುಕಬೇಕಾದದ್ದು ಸಂಬೋಧನೆಯನ್ನು ಅಂತ ನನಗೆ ಗೊತ್ತಾಗಿದ್ದು ಆ ರಾತ್ರಿ.

ಇನ್ನು ‘ಬಿಟ್ಟೆ’. ‘ಮಲಗಿದೆ’ ಅಂದರೆ ನಡೆದದ್ದು, ‘ಮಲಗಿಬಿಟ್ಟೆ’ ಅಂದರೆ ಹಾಗೆ ಮಾಡಬಾರದಿತ್ತು ಅನ್ನುವ ಕೊರಗೂ ಸೇರಿತು. ಆ ಎರಡಕ್ಷರದಲ್ಲಿ ನನ್ನ ತಪ್ಪೊಪ್ಪಿಗೆ ಕೂತಿತ್ತು. ದೂರದಿಂದ ನೋಡುವವರು ಹಾಗೆ ಹೇಳುವುದಿಲ್ಲ, ‘ಮಲಗಿದಳು’ ಅಂತಾರೆ ಅಷ್ಟೇ. ‘ಬಿಟ್ಟ’ ತೆಗೆದೆ. ‘ಮಲಗಿದಳು’ ಐದು ಮಾತ್ರೆ, ಸಾಲಿನ ಕೊನೆಯ ‘ಳು’ವನ್ನು ಒಂದು ಮಾತ್ರೆ ಎಳೆದರೆ ಆರು. ಒಂದು ವಾರ ಒದ್ದಾಡಿಸಿದ ಅಳತೆ ಅಲ್ಲೇ ಸರಿಹೋಯಿತು.

ನಾಲ್ಕು ಸಾಲು ಹೊಸದಾಗಿ ಹೀಗೆ ಬಂದವು:

ಕರೆಯು ಬಂತು. ಅಣ್ಣನೆಂಬ
ಹೆಸರು ಉರಿದು ಆರುವನಕ
ಅವಳು ಅದನು ನೋಡಿದಳು
ಫೋನು ಮಗುಚಿ ಮಲಗಿದಳು

ಹಳೆಯದರ ಜೊತೆ ಇಟ್ಟು ನೋಡಿದರೆ ಪದ ಮಾತ್ರವಲ್ಲ, ನಡೆದದ್ದರ ಕ್ರಮವೂ ಬದಲಾಗಿದೆ. ಹಳೆಯದರಲ್ಲಿ ಮೊದಲು ಫೋನ್ ಮಗುಚುತ್ತೇನೆ, ಆಮೇಲೆ ಹೆಸರು ಆರುತ್ತದೆ. ಬೇರೆ ಯಾರೋ ಹುಡುಗಿ ಹಾಸಿಗೆಯ ಮೇಲೆ ಕೂತಿದ್ದಾಳೆ ಅಂದುಕೊಂಡು ಒಂದೊಂದೇ ಚಲನೆ ಬರೆಯುವಾಗ ನೆನಪಾಯಿತು. ನಾನು ಕೂಡಲೇ ಮಗುಚಿರಲಿಲ್ಲ. ಅದು ಪೂರ್ತಿ ರಿಂಗ್ ಆಗಿ ನಿಲ್ಲುವವರೆಗೂ ಅವನ ಹೆಸರನ್ನೇ ನೋಡುತ್ತಿದ್ದೆ. ‘ನಾನು’ ಅಂತ ಬರೆದಷ್ಟು ದಿನ ಅದನ್ನು ಮುಚ್ಚಿಟ್ಟಿದ್ದೆ, ‘ಅವಳು’ ಅಂದಾಗ ಬರೆಯಲು ಧೈರ್ಯ ಬಂತು. ದೂರ ಹೋದರೆ ಹಾಡು ತಣ್ಣಗಾಗುತ್ತದೆ ಅಂದವರಿಗೆ ನಾನು ತೋರಿಸುವುದು ಈ ಮೂರನೇ ಸಾಲನ್ನೇ.

ಕೊನೆಯ ಚರಣ ಬೇರೆಯೇ ಕಥೆ. ಅಲ್ಲಿ ಸ್ವಲ್ಪ ಹತ್ತಿರ ಬರಬೇಕಿತ್ತು, ಅದಕ್ಕೆ ‘ತಾನು’ ಹಿಡಿದುಕೊಂಡೆ. ‘ನಾನು–ತಾನು’, ‘ನನ್ನ–ತನ್ನ’, ‘ನನಗೆ–ತನಗೆ’ ಅಳತೆಯಲ್ಲೂ ಗುರು ಲಘುವಿನಲ್ಲೂ ಅವಳಿಜವಳಿ. ಹಾಡುವ ಬಾಯಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಅರ್ಥದಲ್ಲಿ ಮಾತ್ರ ‘ಅವಳು’ ಹೊರಗಿನಿಂದ ನೋಡುತ್ತದೆ, ‘ತಾನು’ ಅವಳ ಒಳಗೆ ಕರೆದುಕೊಂಡು ಹೋಗುತ್ತದೆ. ಇದು ಸಿಕ್ಕಿದ ಖುಷಿಯಲ್ಲಿ ಎಲ್ಲ ಕಡೆ ‘ತನ್ನ’ ಹಾಕಿದೆ, ಅಲ್ಲೇ ಎಡವಿದೆ. ಹಳೆಯ ಸಾಲು ‘ನನ್ನ ದನಿಯ ಕೇಳಲೆಂದು ಅಣ್ಣ ನೀನು ಕರೆದೆಯೇನೊ’ ಅಂತ ಇತ್ತು. ಅದನ್ನು ಹೀಗೆ ಮಾಡಿದೆ:

ತನ್ನ ದನಿಯ ಕೇಳಲೆಂದು
ಅಣ್ಣ ಕರೆದನೇನೊ ಎಂದು

ತಬಲಾ ನುಡಿಸುವ ಹುಡುಗ ಕೇಳಿ, "ಅಕ್ಕಾ, ಯಾರ ದನಿ? ಅಣ್ಣನದೇ ಅಲ್ವಾ?" ಅಂದ. ಸರಿಯಾಗಿಯೇ ಹೇಳಿದ್ದ. ‘ತನ್ನ’ ಸಾಮಾನ್ಯವಾಗಿ ಹತ್ತಿರದ ಕರ್ತೃವಿಗೆ ಅಂಟಿಕೊಳ್ಳುತ್ತದೆ, ಇಲ್ಲಿ ಅಣ್ಣ ಹತ್ತಿರ ಇದ್ದಾನೆ. ಅಲ್ಲಿ ‘ಅವಳ ದನಿಯ’ ಅಂತ ತಿದ್ದಿದೆ, ಮಾತ್ರೆ ಕೆಡಲಿಲ್ಲ. ‘ತನ್ನ’ವನ್ನು ಅವಳು ಒಬ್ಬಳೇ ಇರುವ ಸಾಲಿಗೆ ಇಟ್ಟುಕೊಂಡೆ:

ತನ್ನ ಕೈಯ ತಾನೆ ನೋಡಿ
ಬೆರಳು ಮಡಚಿ ಕೂತಿದ್ದಳು

ಇಡೀ ಹಾಡಿನಲ್ಲಿ ‘ತನ್ನ’ ಬರುವುದು ಇದೊಂದೇ ಕಡೆ. ಎರಡು ಕಡೆ ಹಾಕಿದರೂ ದನಿ ಮತ್ತೆ ನಡುಗುತ್ತದೆ, ನಾನು ಪರೀಕ್ಷೆ ಮಾಡಿಯೇ ಹೇಳುತ್ತಿದ್ದೇನೆ. ಯಾವ ಸಾಲಿಗೆ ಇಡಬೇಕು ಅಂತ ನಿರ್ಧರಿಸಲು ನನ್ನದೊಂದು ಲೆಕ್ಕ ಇದೆ, ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಇನ್ನೂ ಎರಡು ಹಾಡು ಅದೇ ಲೆಕ್ಕದಲ್ಲಿ ನಡೆಯುತ್ತಿವೆ.

ಮಧ್ಯದಲ್ಲಿ ಬೇರೆ ಕೆಲವು ಪ್ರಯೋಗವನ್ನೂ ಮಾಡಿದೆ. ‘ಅವಳು’ ಬದಲು ಒಂದು ಹೆಸರು ಇಟ್ಟೆ. ಮೂರು ದಿನಕ್ಕೆ ಅವಳಿಗೊಂದು ಮನೆ, ಒಂದು ಕೆಲಸ ಎಲ್ಲ ಹುಟ್ಟಿಕೊಂಡು ಹಾಡು ಕಥೆಯಾಗಲು ಶುರುವಾಯಿತು, ಬಿಟ್ಟೆ. ‘ನೋಡುತ್ತಾಳೆ, ಮಲಗುತ್ತಾಳೆ’ ಅಂತ ವರ್ತಮಾನಕ್ಕೆ ತಂದೆ. ಅದು ಈಗಲೇ ಫೋನ್ ರಿಂಗ್ ಆಗುತ್ತಿರುವಂತೆ ಆಗಿ ಮೊದಲಿಗಿಂತ ಜಾಸ್ತಿ ಹಿಂಸೆ ಕೊಟ್ಟಿತು. ಸಿಟ್ಟಿನಲ್ಲಿ ಬರೆದ ಇನ್ನೊಂದು ಹಾಡಿಗೂ ಇದೇ ಉಪಾಯ ಮಾಡಿದೆ, ಕೈಕೊಟ್ಟಿತು. ಸಿಟ್ಟಿಗೆ ಎದುರಿಗೊಬ್ಬ ‘ನೀನು’ ಬೇಕೇ ಬೇಕು, ಅದನ್ನು ತೆಗೆದರೆ ಬರೀ ದೂರು ಉಳಿಯುತ್ತದೆ. ಹಾಗಾಗಿ ಈ ಉಪಾಯ ನಾನು ಇಟ್ಟುಕೊಂಡಿರುವುದು ಕೊರಗಿನ ಹಾಡಿಗೆ ಮಾತ್ರ.

ನಾಲ್ಕನೇ ಸಲ ಸ್ಟುಡಿಯೋಗೆ ಹೋಗುವ ಮುಂಚೆ ಮನೆಯಲ್ಲಿ ದಿನಕ್ಕೆ ಮೂರು ಸಲದಂತೆ ಹತ್ತು ದಿನ ಹಾಡಿದೆ. ಒಂದು ಸಲವಾದರೂ ಗಂಟಲು ಕಟ್ಟಿದರೆ ಆ ಪದಕ್ಕೆ ಗೀಟು. ಕೊನೆಯ ಮೂರು ದಿನ ಒಂದೂ ಗೀಟು ಬೀಳಲಿಲ್ಲ. ಆಮೇಲೆಯೇ ಸಮಯ ಗೊತ್ತು ಮಾಡಿದೆ, ಈ ಸಲ ಬರೀ ಎರಡು ಗಂಟೆ. ನಾಲ್ಕನೇ ಟೇಕ್ ಉಳಿಸಿಕೊಂಡೆವು, ಇನ್ನೂ ಮುಕ್ಕಾಲು ಗಂಟೆ ಮಿಕ್ಕಿತ್ತು. ‘ಕೂತಿದ್ದಳು’ ಅನ್ನುವಲ್ಲಿ ದನಿ ಸ್ವಲ್ಪ ತೆಳುವಾಗಿದೆ, ಬೇಕೆಂದೇ ಬಿಟ್ಟಿದ್ದೇನೆ. ರಾಗ ಹಾಕಿದವರು ಹೆಡ್‌ಫೋನ್ ತೆಗೆದು, "ಆ ಮೂರನೇ ಸಾಲು ಮೊದಲು ಇರಲಿಲ್ಲ ಅಲ್ವಾ?" ಅಂದರು. ಸುದ್ದಿ ಓದಿದ ಹಾಗೆ ಅನ್ನುವ ಮಾತು ಅವರಿಂದ ಮತ್ತೆ ಬರಲಿಲ್ಲ.

ಮೊನ್ನೆ ಒಬ್ಬ ಗಾಯಕ ಇದನ್ನು ವೇದಿಕೆಯಲ್ಲಿ ಹಾಡುತ್ತೇನೆ ಅಂತ ಕೇಳಿದ. ತನಗೂ ಹೀಗೊಂದು ಎತ್ತದ ಫೋನ್ ಇದೆ, ‘ಅವನು’ ಮಾಡಿಕೊಳ್ಳಬಹುದಾ ಅಂದ. ಮಾಡಿಕೋ ಅಂದೆ, ಆದರೆ ‘ಮಲಗಿದ’ ಬೇಡ, ‘ಮಲಗಿದನು’ ಅಂತಲೇ ಹಾಡು, ಇಲ್ಲದಿದ್ದರೆ ಕೊನೆಯಲ್ಲಿ ಎರಡು ಮಾತ್ರೆ ಎಳೆಯಬೇಕಾಗುತ್ತದೆ, ಆ ಎಳೆತದಲ್ಲಿ ಅಳು ನುಗ್ಗುತ್ತದೆ ಅಂತ ಹೇಳಿ ಹಾಳೆ ಕೊಟ್ಟು ಕಳಿಸಿದೆ.