ನಾಲ್ಕು ಬಾಲ್ಕನಿಗೆ ಸೀರಿಯಲ್ ಲೈಟ್: ಲೋಡ್‌ಗಿಂತ ಜಾಯಿಂಟ್ ನೋಡಿ

ನಾಲ್ಕು ಬಾಲ್ಕನಿಗೆ ಸೇರಿ 24 ಎಲ್‌ಇಡಿ ಸರ ಹಾಕಿದೆ. ಇಷ್ಟೊಂದು ಲೈಟಿನ ಲೋಡ್ ತಡೆಯುತ್ತಾ ಅಂತ ಎಲ್ಲರೂ ಕೇಳಿದರು. ಲೆಕ್ಕ ಸುಲಭ. ಡಬ್ಬಿ ಮೇಲೆ ಒಂದು ಸರಕ್ಕೆ 6 ವ್ಯಾಟ್ ಅಂತಿತ್ತು, 24ಕ್ಕೆ 144 ವ್ಯಾಟ್. 230 ವೋಲ್ಟಿನಲ್ಲಿ ಒಂದು ಆಂಪ್ ಕೂಡ ಆಗುವುದಿಲ್ಲ.

ಹಾಗಂತ ಎಲ್ಲವನ್ನೂ ಒಂದರ ತುದಿಗೆ ಒಂದು ಸಿಕ್ಕಿಸಿ ಒಂದೇ ಪ್ಲಗ್‌ಗೆ ಕೊಡಬಾರದು, ಯಾಕೆಂದರೆ ಆಗ ಮೊದಲನೇ ಸರದ ತೆಳು ವೈರು ಹಿಂದಿರುವ ಎಲ್ಲ ಸರಗಳ ಕರೆಂಟನ್ನೂ ಹೊರಬೇಕಾಗುತ್ತದೆ. ಆ ವೈರು ಬಿಸಿಯಾದರೂ ಎಂಸಿಬಿ ಬೀಳುವುದಿಲ್ಲ, ಅದು ಇರುವುದು ಗೋಡೆಯೊಳಗಿನ ದಪ್ಪ ವೈರಿನ ಲೆಕ್ಕಕ್ಕೆ. ಹಳೆಯ ತಂತಿ ಬಲ್ಬಿನ ಸರಗಳಲ್ಲಿ ಈ ಅಪಾಯ ಇನ್ನೂ ಜಾಸ್ತಿ, ಒಂದೊಂದೂ ಎಲ್‌ಇಡಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ಎಷ್ಟು ಸರ ಜೋಡಿಸಬಹುದು ಅಂತ ಡಬ್ಬಿ ಮೇಲೇ ಇರುತ್ತದೆ. ನಮ್ಮದರಲ್ಲಿ 3 ಅಂತಿತ್ತು. ಹಾಗಾಗಿ ಮೂರು ಮೂರರಂತೆ ಎಂಟು ಸಾಲು ಮಾಡಿ, ಬಾಲ್ಕನಿಗೆ ಎರಡು ಸಾಲು ಕೊಟ್ಟೆ.

ಪ್ರತಿ ಬಾಲ್ಕನಿಗೂ ಒಳಗಿನ ಕೋಣೆಯಿಂದ ಬೇರೆ ಬೇರೆ ಎಕ್ಸ್‌ಟೆನ್ಶನ್ ಬೋರ್ಡ್ ಹಾಕಿದೆ. ಬೋರ್ಡಿಗೆ ಬೋರ್ಡ್ ಸಿಕ್ಕಿಸಲಿಲ್ಲ. ಅದೇ ಬೋರ್ಡಿಗೆ ಯಾರೂ ಇಸ್ತ್ರಿ ಪೆಟ್ಟಿಗೆ, ಹೀಟರ್ ಹಾಕದಂತೆ ಉಳಿದ ತೂತುಗಳಿಗೆ ಮುಚ್ಚಳ ಕೊಟ್ಟೆ. ಅರ್ಧ ಗಂಟೆ ಉರಿದ ಮೇಲೆ ಪ್ಲಗ್ ಮುಟ್ಟಿ ನೋಡಿದೆ. ಇಷ್ಟು ಚಿಕ್ಕ ಲೋಡಿಗೆ ಅದು ಬಿಸಿಯಾಗಲೇಬಾರದು. ಬಿಸಿಯಾದರೆ ಸಾಕೆಟ್ ಸಡಿಲ ಇರುವ ಸಾಧ್ಯತೆಯೇ ಹೆಚ್ಚು, ಆ ಬೋರ್ಡ್ ಬದಲಿಸಿ.

ಇನ್ನು ಮಳೆ. ಡಬ್ಬಿ ಮೇಲೆ ಐಪಿ44 ಅಂತ ಇದ್ದರೆ ಹನಿ ತಡೆಯುತ್ತದೆ ನಿಜ, ಆದರೆ ಆ ಮಾತು ಪ್ಲಗ್‌ಗೂ ಬೋರ್ಡಿಗೂ ಅನ್ವಯಿಸುವುದಿಲ್ಲ. ಅದಕ್ಕೇ ಬೋರ್ಡುಗಳೆಲ್ಲ ಮನೆಯೊಳಗೇ, ನೆಲದಿಂದ ಮೇಲಕ್ಕೆ. ಬೋರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹೊರಗಿಡುವುದು ನನಗೆ ಸರಿ ಕಾಣುವುದಿಲ್ಲ, ಒಳಗೆ ತೇವ ಕಟ್ಟಿಕೊಳ್ಳುತ್ತದೆ. ವೈರು ಒಳಗೆ ಬರುವ ಮುಂಚೆ ಅದನ್ನು ಸ್ವಲ್ಪ ಕೆಳಕ್ಕೆ ಜೋತು ಬಿಟ್ಟೆ, ವೈರಿನ ಮೇಲೆ ಹರಿದು ಬರುವ ನೀರು ಅಲ್ಲೇ ತೊಟ್ಟಿಕ್ಕಿ ಬೀಳಲಿ ಅಂತ. ಸರಗಳ ನಡುವಿನ ಜಾಯಿಂಟ್‌ಗಳನ್ನು ನೀರು ನಿಲ್ಲದ ಕಡೆ, ಸೂರಿನ ಕೆಳಗೆ ಕಟ್ಟಿದೆ.

ಬಾಲ್ಕನಿಯಲ್ಲಿ ನನಗೆ ನಿಜವಾಗಿ ಭಯ ಇರುವುದು ಕಬ್ಬಿಣದ ಕಂಬಿಯದ್ದು. ವೈರಿನ ಸಿಪ್ಪೆ ಒಂದು ಕಡೆ ಸುಲಿದು ಕಂಬಿಗೆ ತಾಗಿದರೆ, ಒದ್ದೆ ಕೈಯಲ್ಲಿ ಅದನ್ನು ಹಿಡಿದವರ ಗತಿ ಏನು? ಅದಕ್ಕೇ ಬೈಂಡಿಂಗ್ ತಂತಿ, ಮೊಳೆ ಬಳಸದೆ ಪ್ಲಾಸ್ಟಿಕ್ ಟೈ ಹಾಕಿದೆ, ಅದೂ ಬಿಗಿಯಾಗಿ ಅಲ್ಲ. ಬಾಗಿಲ ಸಂದಿಯಲ್ಲಿ ವೈರು ಸಿಕ್ಕಿ ಜಜ್ಜದಂತೆಯೂ ನೋಡಿಕೊಂಡೆ. ಲೈಟ್ ಹಚ್ಚುವ ಮುಂಚೆ, ಕರೆಂಟ್ ಸೋರಿದರೆ ತಾನೇ ಬೀಳುವ 30 ಮಿಲಿಆಂಪಿನ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದೆ, ಟಪ್ಪಂತ ಬಿತ್ತು.

ಮಳೆ ಬಂದ ಮೇಲೆ ಆರ್‌ಸಿಸಿಬಿ ಬಿದ್ದರೆ ಸುಮ್ನೆ ಮತ್ತೆ ಮತ್ತೆ ಎತ್ತಬೇಡಿ. ಎಲ್ಲ ಪ್ಲಗ್ ಕಿತ್ತು, ಅದನ್ನು ಎತ್ತಿ, ಒಣ ಕೈಯಲ್ಲಿ ಒಂದೊಂದೇ ಸಾಲು ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಆ ಸಾಲನ್ನು ಬಿಚ್ಚಿ ಒಳಗೆ ತನ್ನಿ. ಒಣಗಿಸಿದರೂ ಮತ್ತೆ ಬೀಳಿಸಿದರೆ ಟೇಪ್ ಸುತ್ತಿ ಹೊರಗೆ ಹಾಕಬೇಡಿ, ಬಿಸಾಕಿ.